ಗುರಿಬೊಂಬೆಯನ್ನು ಸರಿಸಿದ ಅಕ್ಕ

ತಮಿಳು ಸೀಮೆಯ ಆರ್.ಎಸ್. ಪುರಂನಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಗೇಮ್ ಸ್ಟುಡಿಯೋ ಇತ್ತು. ದಾವಣಗೆರೆಯಿಂದ ಬಂದ ನಾನು ಅಲ್ಲಿ ಅನಿಮೇಟರ್, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ದೊಣ್ಣೆ ಹಿಡಿದ ನಾಯಕನ ದೊಡ್ಡ ಹೊಡೆತವೊಂದನ್ನು ನನಗೆ ವಹಿಸಿದ್ದರು. ಅದು ಸರಿಹೋಗದಿದ್ದರೆ ಕೊಂಡು ತಂದ ಅನಿಮೇಶನ್ ಹಾಕುತ್ತೇವೆ ಎಂದು ಮಾಲೀಕರು ಹೇಳಿದ್ದರು. ಕೊಂಡು ತರುವುದಾದರೆ ನಾನೇಕೆ ಬೇಕು ಎಂಬುದನ್ನು ನನಗೆ ಬಿಡಿಸಿ ಹೇಳಬೇಕಿರಲಿಲ್ಲ.

ನನ್ನ ಪಕ್ಕದ ಮೇಜಿನಲ್ಲಿ ಪ್ರೋಗ್ರಾಮರ್ ಅಕ್ಕ ಕೂರುತ್ತಿದ್ದರು. ಅಲ್ಲಿಗೆ ಹತ್ತಿರದ ಊರು ನೆಗಮಂನ ನೇಕಾರರ ಮನೆಯವರು. ಮನೆಯಲ್ಲಿ ಕನ್ನಡ, ಹೊರಗೆಲ್ಲ ತಮಿಳು. ಅವರ ಕನ್ನಡ ಕೇಳಿದರೆ ನನಗೆ ಊಟ ಮಾಡಿದಷ್ಟು ಸಮಾಧಾನ. ಆದರೂ ನಾವಿಬ್ಬರೂ ಜಗಳಕ್ಕೆ ಬಿದ್ದೆವು.

ನನ್ನ ಹೊಡೆತ ರೂಟ್ ಮೋಷನ್‌ನದು. ಅಂದರೆ ನಾಯಕ ಎಷ್ಟು ಮುಂದೆ ಹೋಗಬೇಕೆಂಬುದು ಅನಿಮೇಶನ್ನಿನೊಳಗೇ, ಅಸ್ಥಿಪಂಜರದ ಮೂಲದ ಎಲುಬಿನಲ್ಲೇ ಇರುತ್ತದೆ. ಗೇಮ್ ಅದನ್ನು ಓದಿ ಅವನನ್ನು ಅಷ್ಟೇ ಸರಿಸುತ್ತದೆ. ಊರಿದ ಪಾದ ಅಲುಗುವುದಿಲ್ಲ, ಹೊಡೆತಕ್ಕೆ ತೂಕ ಬರುತ್ತದೆ. ಅಕ್ಕನಿಗೆ ಇನ್-ಪ್ಲೇಸ್ ಬೇಕಿತ್ತು. ಅದರಲ್ಲಿ ನಾಯಕ ನಿಂತಲ್ಲೇ ಕಾಲು ಆಡಿಸುತ್ತಾನೆ, ಮುಂದೆ ತಳ್ಳುವುದು ಅವರ ಕೋಡ್. ಎಷ್ಟು ದೂರ, ಎಷ್ಟು ಬೇಗ, ಎಲ್ಲಿ ನಿಲ್ಲಬೇಕು, ಎಲ್ಲವೂ ಅವರ ಕೈಯಲ್ಲಿ.

ಅವರು ನನ್ನ ಹೊಡೆತದಿಂದ ಚಲನೆಯನ್ನು ತೆಗೆದು ಒಂದೇ ವೇಗದಲ್ಲಿ ತಳ್ಳಿ ತೋರಿಸಿದರು. ನಾಯಕ ಎಣ್ಣೆ ಚೆಲ್ಲಿದ ನೆಲದ ಮೇಲೆ ಜಾರಿದ ಹಾಗೆ ಜಾರಿದ. ನನಗೆ ಮೈಯೆಲ್ಲ ಉರಿಯಿತು.

"ಅಕ್ಕಾ, ಕಾಲು ನೋಡ್ರಿ. ಇದು ಹೊಡೆತಾನಾ, ಸ್ಕೇಟಿಂಗಾ?"

"ಕ್ಯಾಮೆರಾ ದೂರ ಇದ್ರೆ ಕಾಲ್ ಯಾರಪ್ಪಾ ನೋಡ್ತಾರೆ?" ಎಂದರು ಅಕ್ಕ.

ನಾನು ಸೆಡವಿನಿಂದ ನನ್ನದನ್ನು ಓಡಿಸಿದೆ. ಹೊಡೆತ ಪರೀಕ್ಷಿಸಲು ಎದುರಿಗೆ ನಿಲ್ಲಿಸಿದ್ದ ಗುರಿಬೊಂಬೆಯ ಹೆಗಲಿಗೇ ದೊಣ್ಣೆ ಬಡಿಯಿತು. ಬೀಗಿದೆ. ಅಕ್ಕ, "ಕೊಂಜ ಇರಪ್ಪಾ. ಈ ಬೊಂಬೆ ಯಾವಾಗ್ಲೂ ಇಲ್ಲೇ ನಿಂತಿರ್ತದಾ?" ಎಂದು ಕೇಳಿ, ಮೌಸ್ ಹಿಡಿದು ಅದನ್ನು ಹತ್ತಿರಕ್ಕೆ ತಂದರು. ನಾಯಕ ಅದಕ್ಕೆ ಎದೆ ಕೊಟ್ಟು ತಡೆದು ನಿಂತ, ಕಾಲುಗಳು ಮಾತ್ರ ನಡೆಯುತ್ತಲೇ ಇದ್ದವು. ಆಮೇಲೆ ಮೊದಲಿದ್ದ ಜಾಗಕ್ಕಿಂತ ಸ್ವಲ್ಪ ಹಿಂದಕ್ಕೆ ಸರಿಸಿದರು. ದೊಣ್ಣೆ ಗಾಳಿಗೆ ಹೊಡೆಯಿತು. ನಾನು ಅನಿಮೇಶನ್ ಮಾಡುವಾಗ ಅಳೆದಿಟ್ಟ ಜಾಗದಲ್ಲೇ ಬೊಂಬೆಯನ್ನು ಇಷ್ಟು ದಿನ ನಿಲ್ಲಿಸಿಕೊಂಡಿದ್ದೆ. ಅವರೂ ಅಷ್ಟೇ, ತಮ್ಮದನ್ನು ಕಾಲು ಕಾಣದಷ್ಟು ದೂರದ ಕ್ಯಾಮೆರಾದಲ್ಲೇ ನೋಡಿಕೊಂಡಿದ್ದರು. ಅದನ್ನು ಅವರೇ ಹೇಳಿ ನಕ್ಕರು. ನನಗೆ ನಗು ಬರಲಿಲ್ಲ. ಕೆಲಸ ಹೋಯಿತು ಎಂದೇ ಅನ್ನಿಸಿತ್ತು.

ಮಧ್ಯಾಹ್ನ ತಮ್ಮ ಡಬ್ಬಿಯ ಪುಳಿಯೋಗರೆ ನನ್ನ ಕಡೆ ತಳ್ಳಿ ಅಕ್ಕ ಕೇಳಿದರು. "ಎಷ್ಟು ದೂರ ಹೋಗ್ಬೇಕು ಅಂತ ಯಾರು ತೀರ್ಮಾನ ಮಾಡ್ಬೇಕು? ಅದನ್ನ ಹೇಳು. ಸಣ್ಣ ಏಟಲ್ಲಿ ಆಟ ಆಡೋನು ಮಧ್ಯದಲ್ಲೇ ತಿರುಗೋ ಹಾಗೆ, ನಿಲ್ಲಿಸೋ ಹಾಗೆ ಇರ್ಬೇಕು. ಅದು ನನಗೆ ಕೊಡು. ದೊಡ್ಡ ಏಟು ಎತ್ತಿದ್ಮೇಲೆ ವಾಪಸ್ ಇಲ್ಲ. ಅಲ್ಲಿ ಮೈ ಹೇಳಿದ್ದೇ ಸರಿ, ಅದು ನಿಂದು."

"ದೂರ ಬದಲಾದ್ರೆ?"

"ನಿನ್ನ ಹೆಜ್ಜೆನ ನಾನು ಸ್ವಲ್ಪ ಎಳೀತೀನಿ, ಸ್ವಲ್ಪ ಕುಗ್ಗಿಸ್ತೀನಿ. ಜಾಸ್ತಿ ಎಳೆದ್ರೆ ಕಾಲ್ ಜಾರ್ತದೆ, ಅದಕ್ಕೊಂದು ಮಿತಿ ಇಡೋಣ. ನಡಿಗೆ ಎಲ್ಲಾ ದೊಣ್ಣೆ ಎತ್ತೋವಾಗ್ಲೇ ಮುಗಿಸ್ಬಿಡು. ಇಳಿಸೋವಾಗ ಕಾಲ್ ಊರಿರ್ಲಿ."

ನಾನು ಹೆಜ್ಜೆಗಳನ್ನು ಮತ್ತೆ ಕೂರಿಸಿದೆ, ತೀರ ಹತ್ತಿರವೂ ಅಲ್ಲದ, ತೀರ ದೂರವೂ ಅಲ್ಲದ ಅಳತೆಗೆ. ಅಕ್ಕ ತಮ್ಮ ಬೇರೆ ಕೆಲಸ ಬದಿಗಿಟ್ಟು, ಶತ್ರು ನಿಂತ ಜಾಗಕ್ಕೆ ತಕ್ಕಂತೆ ಆ ನಡಿಗೆ ಹಿಗ್ಗುವ ಕುಗ್ಗುವ ಕೋಡ್ ಬರೆದರು. ನನ್ನದನ್ನು ಕಿತ್ತುಹಾಕಿ ಕೊಂಡದ್ದನ್ನು ಹಾಕಿದ್ದರೆ ಅವರ ಕೆಲಸ ಎಷ್ಟೋ ಮೊದಲೇ ಮುಗಿಯುತ್ತಿತ್ತು.

ಶುಕ್ರವಾರ ಮಾಲೀಕರು ಕಂಟ್ರೋಲರ್ ಹಿಡಿದು ಕೂತರು. ಹತ್ತಿರದಿಂದ ಹೊಡೆದರು, ತಗುಲಿತು. ಪಕ್ಕಕ್ಕೆ ಸರಿದು ಹೊಡೆದರು, ತಗುಲಿತು. ಆಮೇಲೆ ನಾವಿಟ್ಟ ಮಿತಿಗಿಂತ ತುಂಬ ದೂರ ಹೋಗಿ ಗುಂಡಿ ಒತ್ತಿದರು. ದೊಣ್ಣೆ ಬರಿ ನೆಲಕ್ಕೆ ಬಡಿಯಿತು. ನಾನು ಸಮಜಾಯಿಷಿ ಕೊಡಲು ಹೊರಟಿದ್ದೆ. ಅಕ್ಕ ಮೇಜಿನ ಕೆಳಗೆ ನನ್ನ ಕಾಲು ತುಳಿದರು.

ಮಾಲೀಕರು ತಮ್ಮಷ್ಟಕ್ಕೆ ತಾವೇ, ಅವಸರ ಮಾಡಿಬಿಟ್ಟೆ ಎಂದು ತಮಿಳಿನಲ್ಲಿ ಗೊಣಗಿಕೊಂಡು ಹತ್ತಿರ ಹೋಗಿ ಮತ್ತೆ ಹೊಡೆದರು. ತಪ್ಪಿದ್ದಕ್ಕೆ ಅವರು ನನ್ನ ಹೊಡೆತವನ್ನು ಬೈಯಲಿಲ್ಲ. ಕಂಟ್ರೋಲರ್ ಕೆಳಗಿಟ್ಟು, ಸೋಮವಾರದಿಂದ ಶತ್ರುವಿನ ಹೊಡೆತಗಳನ್ನೂ ನೀನೇ ಮಾಡು ಎಂದರು.

ಈಗಲೂ ನನ್ನ ಯಾವ ಹೊಡೆತವನ್ನಾದರೂ ಯಾರಿಗಾದರೂ ತೋರಿಸುವ ಮೊದಲು ಬೊಂಬೆಯನ್ನು ಸರಿಸಿಡುತ್ತೇನೆ. ಅವತ್ತು ಅಕ್ಕ ಅದನ್ನು ಸರಿಸಿದ್ದು ನನ್ನನ್ನು ಸೋಲಿಸಲು ಎಂದುಕೊಂಡಿದ್ದೆ. ಮಾಲೀಕರು ಸರಿಸಿ ತಪ್ಪು ಕಂಡುಹಿಡಿಯುವ ಮೊದಲೇ ಅವರು ಸರಿಸಿದ್ದರು, ಅಷ್ಟೇ.