ಕೀಲಿ ಒಪ್ಪದ ಪುಟ

ಹಿಂಗಣಾ ಎಂಬ ಊರಿನ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ವಿಭಾಗ ನನ್ನದು. ಈಮೇಲ್ ತೆರೆಯಲು ಪಾಸ್‌ವರ್ಡಿನ ಜೊತೆ ಇನ್ನೊಂದು ಪುರಾವೆ ಬೇಕೆಂದು ನಿಯಮ ಮಾಡಿದವನೂ ನಾನೇ. ಎಸ್ಸೆಮ್ಮೆಸ್ಸಿನ ಓಟಿಪಿ ಬೇಡವೆಂದೆ. ಯಾರಾದರೂ ನಮ್ಮ ನಂಬರಿಗೆ ಬೇರೆ ಸಿಮ್ ತೆಗೆಸಿದರೆ ಅದು ಅವರಿಗೇ ಹೋಗುತ್ತದೆ. ಸಿಗ್ನಲ್ ಇಲ್ಲದೆಯೂ ಅರ್ಧ ನಿಮಿಷಕ್ಕೊಂದು ಹೊಸ ಸಂಖ್ಯೆ ತೋರಿಸುವ ಆ್ಯಪನ್ನು ಎಲ್ಲರ ಮೊಬೈಲಿಗೂ ಹಾಕಿಸಿದೆ. ಆ ಸಂಖ್ಯೆಯ ಬದಲು ಕಂಪ್ಯೂಟರಿನ ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ಕೀಲಿಯೂ ಉಂಟು; ಅದು ದುಬಾರಿ, ಕಳೆದರೆ ಪೇಚಾಟ. ಹಾಗಾಗಿ ಎರಡನ್ನೇ ತರಿಸಿ, ಲೆಕ್ಕಪತ್ರ ವಿಭಾಗದಲ್ಲಿ ಹೊರಗಿನವರ ಬಿಲ್ಲುಗಳನ್ನು ನೋಡುವ ಧಾರವಾಡದ ಅಕ್ಕನಿಗೆ ಕೊಟ್ಟೆ: ಬಳಸಲೊಂದು, ಕಪಾಟಿನಲ್ಲೊಂದು.

ಅವತ್ತು ಆಕೆ ಸಿಟ್ಟಿನಿಂದಲೇ ಬಂದರು. "ಸರ್ರ, ನಿಮ್ಮ ಕೀಲಿ ಕೆಟ್ಟೈತಿ ನೋಡ್ರಿ. ಈ ಬಿಲ್ಲಿನ ಲಿಂಕ್ ಒತ್ತಿ ಲಾಗಿನ್ ಆಗಾಕ ಹೋದ್ರ ಒಪ್ಪವಲ್ದು."

ಅದೇ ಲಿಂಕನ್ನು ನನ್ನ ಕಂಪ್ಯೂಟರಿನಲ್ಲಿ ತೆರೆದು ನನ್ನ ಪಾಸ್‌ವರ್ಡ್ ಹೊಡೆದೆ, ಆ್ಯಪಿನ ಆರು ಅಂಕಿ ಹೊಡೆದೆ. ಸಲೀಸಾಗಿ ತೆಗೆದುಕೊಂಡಿತು.

"ನೋಡಿ, ನನಗೆ ಬರೋಬರ್ ಆಯ್ತಲ್ಲ!" ಎಂದೆ.

ಆಗ ಬ್ರೌಸರಿನಲ್ಲಿದ್ದ ವಿಳಾಸ ಕಣ್ಣಿಗೆ ಬಿತ್ತು. ಅದು ನಮ್ಮದಲ್ಲ; ಪುಟ ನಮ್ಮ ಈಮೇಲಿನದರಂತೆಯೇ ಕಾಣುವ ನಕಲಿ. ಕೀಲಿ ತಾನು ನೋಂದಾಯಿಸಿಕೊಂಡ ವಿಳಾಸಕ್ಕಲ್ಲದೆ ಬೇರೆಯದಕ್ಕೆ ಜಪ್ಪಯ್ಯ ಅಂದರೂ ಉತ್ತರ ಕೊಡುವುದಿಲ್ಲ. ಆ್ಯಪಿನ ಸಂಖ್ಯೆಗೆ ಆ ವಿವೇಕ ಎಲ್ಲಿಯದು? ಎಲ್ಲಿ ಹೊಡೆದರೆ ಅಲ್ಲಿಯದು. ಅದನ್ನು ಯಾರೋ ಆ ಕ್ಷಣವೇ ಅಸಲಿ ಪುಟಕ್ಕೆ ದಾಟಿಸಿ ನನ್ನ ಈಮೇಲಿನ ಒಳಹೊಕ್ಕಿದ್ದರು.

ನಾನು ಗಡಿಬಿಡಿಯಲ್ಲಿ ಪಾಸ್‌ವರ್ಡ್ ಬದಲಿಸುತ್ತಿದ್ದಾಗ ಅಕ್ಕನ ಮೊಬೈಲ್ ಟಣ್ ಎಂದಿತು. ಆಕೆ ಅದನ್ನು ನೋಡಿದರು, ನನ್ನನ್ನು ನೋಡಿದರು.

"ಸರ್ರ, ನೀವು ಇಲ್ಲೇ ಕುಂತೀರಿ. ಎಲ್ಲಾರೂ ಜಲ್ದಿ ಈ ಲಿಂಕ್ ಒತ್ರಿ ಅಂತ ನಿಮ್ಮ ಮೇಲ್ ಹ್ಯಾಂಗ ಬಂತ್ರಿ?"