ಬಾಯಲ್ಲಿ ನೀರು ತುಂಬಿಕೊಂಡು ಓಡಿದ್ದು

ಆ ವರ್ಷವಿಡೀ ನಾನು ಸುಸ್ತಾಗಿಯೇ ಇದ್ದೆ. ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡಿನಲ್ಲಿ ರಾತ್ರಿ ಪಾಳಿ, ಬೆಳಗಾದರೆ ಮೈದಾನ. ಮನೆಯ ಹಾಸಿಗೆ ನೆನೆಸಿಕೊಂಡರೆ ಅಳು ಬರುವಷ್ಟು ನಿದ್ದೆ ಬಾಕಿ. ಆದರೂ ಓಡಲೇಬೇಕಿತ್ತು. ಪೊಲೀಸ್ ಕಾನ್‌ಸ್ಟೇಬಲ್ ಕೆಲಸದ ಲಿಖಿತ ಪರೀಕ್ಷೆ ಎರಡನೆಯ ಸಲ ಪಾಸಾಗಿತ್ತು, ಓಟ ಉಳಿದಿತ್ತು. ಸಾವಿರದ ಆರುನೂರು ಮೀಟರು, ಅಂದರೆ ಮೈದಾನಕ್ಕೆ ನಾಲ್ಕು ಸುತ್ತು, ಆರೂವರೆ ನಿಮಿಷದೊಳಗೆ ಮುಗಿಸಬೇಕು. ಹಿಂದಿನ ಸಲ ಕೊನೆಯ ಸುತ್ತಿನಲ್ಲಿ ಕಾಲು ಗಟ್ಟಿಯಾಗಿಯೇ ಇತ್ತು, ಉಸಿರು ಕೈಕೊಟ್ಟಿತ್ತು. ಈ ಸಲವೂ ಹಾಗೇ ಆದರೆ ಇನ್ನೊಂದು ಸಲ ಎನ್ನುವುದಿರಲಿಲ್ಲ. ವಯಸ್ಸಿನ ಮಿತಿ ದಾಟಿಬಿಡುತ್ತಿತ್ತು.

ಮೈದಾನದಲ್ಲಿ ನಮ್ಮಂಥ ಪರೀಕ್ಷೆಯ ಹುಡುಗರನ್ನು ಹಿಂದಿನ ಸಲದಿಂದಲೂ ಓಡಿಸುತ್ತಿದ್ದವರು ಸೇನೆಯಿಂದ ನಿವೃತ್ತರಾಗಿ ಬಂದ ಒಬ್ಬರು. ಎಲ್ಲರಿಗೂ ಅವರು ಮಿಲಿಟ್ರಿಯಣ್ಣ. ಒಂದು ಪೈಸೆ ಕೇಳದೆ, ಚಳಿಯಲ್ಲೂ ಮಫ್ಲರ್ ಸುತ್ತಿಕೊಂಡು ನಮಗಿಂತ ಮೊದಲೇ ಬಂದು ನಿಂತಿರುತ್ತಿದ್ದರು. ಅವರದೊಂದು ಕಾಯಿದೆ ಇತ್ತು. ಓಡುವ ಮುಂಚೆ ಪ್ರತಿಯೊಬ್ಬನೂ ಬಾಯಿ ತುಂಬ ನೀರು ಹಿಡಿದುಕೊಳ್ಳಬೇಕು. ಮೂಗಿನಲ್ಲೇ ಉಸಿರಾಡುತ್ತ ಓಡಿ, ಕೊನೆಯಲ್ಲಿ ಅವರ ಕಣ್ಣೆದುರು ಆ ನೀರನ್ನು ಉಗಿದು ತೋರಿಸಬೇಕು. ನುಂಗಿದವನಿಗೆ ಇನ್ನೊಂದು ಸುತ್ತು. ಬಾಯಿ ಬಿಟ್ಟು ಓಡುವವನನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಅವರು ಹೇಳುತ್ತಿದ್ದುದು ಪೂರಾ ಸುಳ್ಳೇನಲ್ಲ. ಮೂಗಿನಲ್ಲಿ ಎಳೆದುಕೊಂಡ ಗಾಳಿ ಒಳಗೆ ಹೋಗುವಷ್ಟರಲ್ಲಿ ಬೆಚ್ಚಗಾಗುತ್ತದೆ, ಧೂಳು ಮೂಗಿನಲ್ಲೇ ನಿಲ್ಲುತ್ತದೆ, ಗಂಟಲು ಒಣಗುವುದಿಲ್ಲ. ಮಾರ್ಗಶಿರದ ಚಳಿಯಲ್ಲಿ ಬಾಯಿ ಬಿಟ್ಟು ಓಡಿದವರು ಮಧ್ಯಾಹ್ನದವರೆಗೂ ಕೆಮ್ಮುತ್ತಿದ್ದರು, ನಾನೇ ನೋಡಿದ್ದೇನೆ. ಮೆಲ್ಲಗೆ ಓಡುವ ದಿನ ಮೂಗು ಸಾಕೇ ಸಾಕು. ಆದರೆ ಜೋರಾಗಿ ಓಡುವ ದಿನ? ಮೈ ಕೇಳುವಷ್ಟು ಗಾಳಿ ಆ ಎರಡು ಸಣ್ಣ ತೂತಿನಲ್ಲಿ ಎಲ್ಲಿಂದ ಬರಬೇಕು? ನನ್ನ ಮೂಗಂತೂ ರಾತ್ರಿಯಿಡೀ ನೂಲಿನ ಧೂಳು ಕುಡಿದು ಬೆಳಗ್ಗೆ ಅರ್ಧ ಕಟ್ಟಿಕೊಂಡೇ ಇರುತ್ತಿತ್ತು. ಎರಡನೆಯ ಸುತ್ತು ಮುಗಿಯುವಷ್ಟರಲ್ಲಿ ಕಿವಿ ಗುಯ್ಯೆನ್ನುವುದು, ಪಕ್ಕೆ ಹಿಡಿದುಕೊಳ್ಳುವುದು, ತಾನಾಗಿಯೇ ವೇಗ ಇಳಿದುಬಿಡುವುದು. ನೀರು ಮಾತ್ರ ಬಾಯಲ್ಲಿ ಭದ್ರವಾಗಿರುತ್ತಿತ್ತು. ಅದನ್ನು ಉಗಿದು ತೋರಿಸಿ, ಶಹಭಾಸ್ ಅನ್ನಿಸಿಕೊಂಡು, ಎಲ್ಲರಿಗಿಂತ ಹಿಂದೆ ಉಳಿಯುತ್ತಿದ್ದೆ.

ನನಗೆ ದಮ್ಮೇ ಇಲ್ಲವೆಂದು ನಾನೇ ನಂಬಿಬಿಟ್ಟಿದ್ದೆ. ಮನೆಯಲ್ಲಿ ಹೆಂಡತಿ ಕೂಡ ಏನೂ ಕೇಳುವುದನ್ನು ಬಿಟ್ಟಿದ್ದಳು. ಬೆವರಿನ ಬನಿಯನ್ ಬಕೆಟ್ಟಿಗೆ ಹಾಕಿ, ಉಪ್ಪಿಟ್ಟಿನ ತಟ್ಟೆ ಮುಂದಿಟ್ಟು ತನ್ನ ಗಾರ್ಮೆಂಟ್ಸಿನ ಬಸ್ಸಿಗೆ ಓಡುತ್ತಿದ್ದಳು. ಅವಳದೂ ಸುಸ್ತು, ನನ್ನದೂ ಸುಸ್ತು. ಯಾರು ಯಾರಿಗೆ ಸಮಾಧಾನ ಹೇಳುವುದು?

ಒಂದು ಬೆಳಗ್ಗೆ ನೆಗಡಿಯಾಗಿ ಮೂಗು ಪೂರಾ ಕಟ್ಟಿಹೋಗಿತ್ತು. ಇವತ್ತು ನೀರು ಬೇಡಣ್ಣ ಎಂದೆ. ನೆಪ ಹೇಳುತ್ತಿದ್ದೀಯ ಎಂದರು. ನಿದ್ದೆಗೆಟ್ಟ ಮನುಷ್ಯನಿಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಗ್ಲಾಸಿನ ನೀರನ್ನು ಅವರ ಎದುರೇ ನೆಲಕ್ಕೆ ಚೆಲ್ಲಿ, ನಿಮ್ಮ ನೀರಿನಿಂದಲೇ ನಾನು ಹೋದ ಸಲ ಫೇಲಾದದ್ದು ಎಂದುಬಿಟ್ಟೆ. ಅವರು ಬೈಯಲಿಲ್ಲ. ಹಾಗಾದರೆ ನಿನ್ನ ದಾರಿ ನೀನು ನೋಡಿಕೋ ಎಂದು ಉಳಿದವರ ಕಡೆ ತಿರುಗಿಕೊಂಡರು.

ನನ್ನ ದಾರಿ ಎಂದರೆ ಮಾಕಳಿದುರ್ಗದ ಕಡೆ ಹೋಗುವ ರಸ್ತೆ. ಅಲ್ಲಿ ಒಬ್ಬನೇ ಓಡತೊಡಗಿದೆ. ಮೊದಲ ದಿನ ಬಾಯಿ ಬಿಟ್ಟರೆ ಸಾಕು, ಗೆದ್ದೆ ಎಂದುಕೊಂಡು ನುಗ್ಗಿದೆ. ನಾಯಿಯ ಹಾಗೆ ಏದುಸಿರು ಬಿಟ್ಟುಕೊಂಡು ದಾರಿಬದಿಯ ಮೋರಿಕಟ್ಟೆಯ ಮೇಲೆ ಕುಕ್ಕರಿಸಿದೆ. ಬಾಯಿ ಬಿಟ್ಟರೂ ಉಸಿರು ಎದೆಯ ಮೇಲ್ಭಾಗದಲ್ಲೇ ಏರಿಳಿಯುತ್ತಿತ್ತು, ಒಳಗಿನ ಗಾಳಿ ಪೂರ್ತಿ ಹೊರಗೇ ಹೋಗುತ್ತಿರಲಿಲ್ಲ. ಹಳೆಯದು ಖಾಲಿಯಾಗದೆ ಹೊಸದಕ್ಕೆ ಜಾಗವೆಲ್ಲಿ? ಇಷ್ಟು ಸಣ್ಣ ವಿಷಯ ಹೊಳೆಯಲು ನನಗೆ ಅಷ್ಟು ದಿನ ಬೇಕಾಯಿತಲ್ಲ ಎಂದು ನನ್ನ ಮೇಲೇ ರೇಗಿತು.

ಆಮೇಲೆ ಅವಸರ ಬಿಟ್ಟೆ. ಶುರುವಿನಲ್ಲಿ ಪಕ್ಕದವನ ಜೊತೆ ಮಾತಾಡಿಕೊಂಡು ಹೋಗಬಹುದಾದಷ್ಟೇ ವೇಗ, ಮೂಗಿನಲ್ಲೇ ಉಸಿರು. ಹೊಟ್ಟೆ ಉಬ್ಬುವಂತೆ ಮೂರು ಹೆಜ್ಜೆಗೆ ಒಳಗೆ, ಎರಡು ಹೆಜ್ಜೆಗೆ ಹೊರಗೆ. ಹೀಗೆ ಎಣಿಸಿದರೆ ಉಸಿರು ಬಿಡಲು ಶುರುಮಾಡುವಾಗ ಒಂದು ಸಲ ಎಡಗಾಲು, ಇನ್ನೊಂದು ಸಲ ಬಲಗಾಲು ನೆಲಕ್ಕೆ ಬೀಳುತ್ತದೆ. ನನಗಂತೂ ಪಕ್ಕೆ ಹಿಡಿಯುವುದು ಕಡಿಮೆಯಾಯಿತು. ವೇಗ ಏರಿಸಿದಾಗ ಮೂಗು ಸಾಲದೆಂದು ಮೈಯೇ ಹೇಳುತ್ತಿತ್ತು. ಆಗ ದವಡೆ ಸಡಿಲ ಬಿಟ್ಟು ಬಾಯಿ, ಮೂಗು ಎರಡರಲ್ಲೂ ಎಳೆದುಕೊಳ್ಳುವುದು, ಎರಡು ಹೆಜ್ಜೆಗೆ ಒಳಗೆ, ಎರಡು ಹೆಜ್ಜೆಗೆ ಹೊರಗೆ. ಹೊರಗೆ ಬಿಡುವಾಗ ಜೋರಾಗಿ ಊದಿಬಿಡುವುದು. ಎಣಿಕೆ ತಪ್ಪಿದರೆ ತಪ್ಪಲಿ, ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮಗ್ಗದ ಸದ್ದಿನಲ್ಲಿ ಬದುಕುವವನಿಗೆ ಲಯ ಕಲಿಸಬೇಕಾಗಿಲ್ಲ, ಸ್ವಲ್ಪ ಹೊತ್ತಿಗೆ ಅದೇ ಹಿಡಿದುಕೊಳ್ಳುತ್ತಿತ್ತು. ಎಷ್ಟೋ ದಿನದ ಮೇಲೆ ಓಟ ಹಿತವೆನಿಸಿತು. ಸುಸ್ತೇನೂ ಹೋಗಲಿಲ್ಲ, ಆದರೆ ಹೆದರಿಕೆ ಹೋಯಿತು.

ಪರೀಕ್ಷೆಯ ದಿನ ಆ ಹೆದರಿಕೆ ವಾಪಸು ಬಂತು. ಎದೆಗೆ ನಂಬರು ಕಟ್ಟಿದ್ದರು, ಕೈಯಲ್ಲಿ ಗಡಿಯಾರ ಹಿಡಿದ ಅಧಿಕಾರಿಗಳು, ಬೇಲಿಯಾಚೆ ಜನ. ಸೀಟಿ ಊದಿದ ಮೇಲೆ ಏನಾಯಿತೋ, ನನ್ನ ತುಟಿ ತಾನಾಗಿ ಬಿಗಿದುಕೊಂಡಿತು. ವರ್ಷಗಟ್ಟಲೆಯ ಅಭ್ಯಾಸ ಅದು. ಬಾಯಲ್ಲಿ ನೀರೇ ಇಲ್ಲ, ಆದರೂ ಇದ್ದ ಹಾಗೆ ಕೆನ್ನೆ ಉಬ್ಬಿಸಿಕೊಂಡು ಓಡುತ್ತಿದ್ದೆ. ಮೂರನೆಯ ಸುತ್ತಿಗೆ ಕಿವಿ ಗುಯ್ಯೆಂದಿತು. ಒಬ್ಬೊಬ್ಬರೇ ನನ್ನನ್ನು ದಾಟಿ ಹೋದರು. ಮುಗಿಯಿತು ನನ್ನ ಕಥೆ ಎಂದುಕೊಂಡೆ.

ಆಗ ಬೇಲಿಯ ಕಡೆಯಿಂದ ಪರಿಚಯದ ದನಿ ಕೇಳಿಸಿತು. ಮಿಲಿಟ್ರಿಯಣ್ಣ ಮಫ್ಲರ್ ಕಿತ್ತು ಕೈಯಲ್ಲಿ ಬೀಸುತ್ತ, ಬೇಲಿಯುದ್ದಕ್ಕೂ ನನ್ನ ಜೊತೆಗೇ ಓಡುತ್ತಿದ್ದರು.

"ಬಾಯ್ ಬಿಡಲಾ! ಬಾಯ್ ಬಿಟ್ಟು ಊದು!"

ಊದಿದೆ. ಒಳಗಿದ್ದದ್ದೆಲ್ಲ ಹೊರಗೆ ಹೋದ ಮೇಲೆ ಗಾಳಿ ತಾನೇ ಒಳಗೆ ನುಗ್ಗಿತು. ಎರಡು ಹೆಜ್ಜೆ, ಎರಡು ಹೆಜ್ಜೆ. ಕೊನೆಯ ಸುತ್ತಿನಲ್ಲಿ ಕಾಲುಗಳು ನನ್ನ ಮಾತು ಕೇಳಿದವು. ಗೆರೆ ದಾಟಿ ಬಿದ್ದಲ್ಲೇ ಬಿದ್ದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಪಾಸಾದವರ ನಂಬರು ಕೂಗಿದರು, ಅದರಲ್ಲಿ ನನ್ನದಿತ್ತು. ಖುಷಿಪಡಲೂ ತ್ರಾಣವಿರಲಿಲ್ಲ.

ಹೊರಗೆ ಬಂದಾಗ ಅವರು ಬೇವಿನ ಮರದ ಕೆಳಗೆ ಕೂತಿದ್ದರು. ವಯಸ್ಸಾದ ಜೀವ, ಅಷ್ಟು ಓಡಿದ್ದಕ್ಕೆ ಇನ್ನೂ ಏದುತ್ತಿದ್ದರು. ಪಕ್ಕದಲ್ಲಿ ಕೂತೆ. ಕೃತಜ್ಞತೆ ಹೇಳಬೇಕಿತ್ತು, ಬಾಯಿಗೆ ಬಂದದ್ದು ಬೇರೆಯೇ. ಹಿಂದಿನ ಸಲವೂ ಅವರು ಇದೇ ಬೇಲಿಯ ಹತ್ತಿರ ನಿಂತು ನಾನು ಸೋಲುವುದನ್ನು ನೋಡಿದ್ದರು.

"ಹೋದ್ಸಲ ಯಾಕಣ್ಣ ಕೂಗ್ಲಿಲ್ಲ ನೀವು?"

ಅವರು ಮಫ್ಲರಿನಿಂದ ಮುಖ ಒರೆಸಿಕೊಂಡರು. ಸೇನೆಯಲ್ಲಿ ಮೆಲ್ಲಗೆ ಓಡಿಸುವ ದಿನ ಮಾತ್ರ ಬಾಯಿಗೆ ನೀರು ಹಾಕಿಸುತ್ತಿದ್ದರಂತೆ. ನಮ್ಮ ಹುಡುಗರು ಮೊದಲ ಸುತ್ತಿನಲ್ಲೇ ಎದ್ದುಬಿದ್ದು ಓಡಿ ಸಾಯುತ್ತಾರೆಂದು, ಅದನ್ನು ಹತೋಟಿಗೆ ತರಲು, ಇವರು ದಿನಾ ಮಾಡಿಸಿದರಂತೆ. ಇಷ್ಟನ್ನು ನೆಲ ನೋಡಿಕೊಂಡೇ ಹೇಳಿದರು. ಆಮೇಲೆ ತಲೆಯೆತ್ತಿದರು.

"ಹೋದ್ಸಲ ನಂಗೂ ಗೊತ್ತಿರ್ಲಿಲ್ಲ ಕಣಪ್ಪಾ. ನೀನು ಜಗಳ ಆಡ್ಕೊಂಡು ಹೋದ್ಮೇಲೆ ದಿನಾ ಮಾಕಳಿ ರೋಡಿಗೆ ಬರ್ತಿದ್ದೆ. ಗಾಡಿ ಮರೆಗೆ ನಿಲ್ಲಿಸ್ಕೊಂಡು, ನೀನು ಓಡೋದನ್ನ ನೋಡಿ ಕಲ್ತೆ."