ಅರ್ಧ ಲೋಟಕ್ಕೇ ತುಂಬಿದ ಹೊಟ್ಟೆ

ಅಕ್ಕನಿಗೆ ಜಠರದ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಅವಳನ್ನು ಬನಶಂಕರಿಯ ನಮ್ಮ ಮನೆಗೆ ಕರೆತಂದೆ. ಆಪರೇಷನ್ ಮಾಡುವ ಹಂತ ದಾಟಿತ್ತು. ಕೀಮೋ ತಡೆದುಕೊಳ್ಳುವಷ್ಟಾದರೂ ಮೈಯಲ್ಲಿ ಶಕ್ತಿ ಬರಲಿ ಎಂದಿದ್ದರು ಡಾಕ್ಟರು.

ಆ ಕಾಲಕ್ಕೆ ನಾನು ಸ್ಮೂದಿಯ ಭಕ್ತೆ. ಸಿಪ್ಪೆ ಸಮೇತ ಸೇಬು, ಪರಂಗಿ, ನೆನೆಸಿದ ಓಟ್ಸ್, ಎಲ್ಲವೂ ಮಿಕ್ಸಿಗೆ. ಬೆಳಿಗ್ಗೆ ಕುಡಿದರೆ ಮಧ್ಯಾಹ್ನದವರೆಗೆ ಹಸಿವಿಲ್ಲ, ತೂಕವೂ ಇಳಿದಿತ್ತು. ನನಗೆ ಒಗ್ಗಿದ್ದು ಅವಳಿಗೂ ಒಳ್ಳೆಯದೆಂದು ಅದನ್ನೇ ಕೊಟ್ಟೆ.

ಅರ್ಧ ಲೋಟಕ್ಕೆ ಅಕ್ಕ ಕೈ ಅಡ್ಡ ಹಿಡಿಯುತ್ತಿದ್ದಳು. "ಸಾಕು ಕಣೇ, ಹೊಟ್ಟೆ ತುಂಬೋಯ್ತು."

"ಮೋಸಂಬಿ ಜ್ಯೂಸ್ ಕೊಡೇ" ಎಂದು ಎರಡು ಸಲ ಕೇಳಿದಳು.

"ಅದ್ರಲ್ಲಿ ಏನಿದೆ ಅಕ್ಕ, ಬರೀ ಸಕ್ಕರೆ ನೀರು. ನಾರೆಲ್ಲ ಚರಟದಲ್ಲೇ ಹೋಗತ್ತೆ" ಎಂದೆ. ಅವಳು ಮತ್ತೆ ಕೇಳಲಿಲ್ಲ. ಊಟದ ಹೊತ್ತಿಗೂ ಹಸಿವಿಲ್ಲ ಎನ್ನುತ್ತಿದ್ದಳು. ಮೂರು ವಾರ ಹೀಗೇ ನಡೆಯಿತು.

ಆಸ್ಪತ್ರೆಯಲ್ಲಿ ಅಕ್ಕನ ತೂಕ ಇನ್ನೂ ಇಳಿದಿದ್ದನ್ನು ನೋಡಿದ ಡಯಟೀಷಿಯನ್, ಏನು ಕೊಡ್ತಿದ್ದೀರಿ ಎಂದು ಕೇಳಿದಳು. ಸ್ಮೂದಿ, ಅದರಲ್ಲಿ ನಾರೆಲ್ಲ ಹಾಗೇ ಉಳಿಯತ್ತೆ ಎಂದು ಹೆಮ್ಮೆಯಿಂದಲೇ ಹೇಳಿದೆ. ಅವಳು ಪೆನ್ನು ಕೆಳಗಿಟ್ಟಳು.

"ನೀವು ಹೇಳೋದು ಸರಿ ಮೇಡಂ. ಮಿಕ್ಸಿಗೆ ಹಾಕಿದ್ರೆ ನಾರು ಎಲ್ಲೂ ಹೋಗಲ್ಲ, ಸಣ್ಣಗಾಗತ್ತೆ ಅಷ್ಟೆ. ಸೋಸಿದ್ರೇನೆ ಹೆಚ್ಚಿನ ನಾರು ಹೋಗೋದು. ಆದ್ರೆ ಆ ನಾರು, ಆ ಗಟ್ಟಿತನ ಹೊಟ್ಟೆ ತುಂಬಿಸತ್ತೆ. ತೂಕ ಇಳಿಸೋರಿಗೆ ಅದೇ ಬೇಕು. ಇವ್ರ ಹೊಟ್ಟೇಲಿ ಜಾಗಾನೇ ಇಲ್ವಲ್ಲ. ಇರೋ ಜಾಗನ ನಾರಿಗೆ ಕೊಟ್ರೆ ಊಟ ಎಲ್ಲಿ ಹಿಡಿಸತ್ತೆ?"

ಅಕ್ಕ ಪಕ್ಕದಲ್ಲೇ ಕೂತಿದ್ದಳು. ನನ್ನತ್ತ ನೋಡಲಿಲ್ಲ. "ಪಾಪ, ಅವ್ಳು ಆಸೆಯಿಂದ ಮಾಡ್ತಿದ್ಲು" ಎಂದಳು.

ಸೋಸಿದ ಜ್ಯೂಸ್ ಕೊಡಬಹುದು, ಆದರೆ ಅದೊಂದೇ ಸಾಲದು, ಅದರಲ್ಲಿ ಪ್ರೋಟೀನ್ ಇಲ್ಲ, ಗಂಟೆಗೊಮ್ಮೆ ಪ್ರೋಟೀನ್ ಪುಡಿ ಬೆರೆಸಿದ ಹಾಲು ಗುಟುಕು ಗುಟುಕಾಗಿ ಕುಡಿಸಿ ಎಂದು ಡಯಟೀಷಿಯನ್ ಬರೆದುಕೊಟ್ಟಳು. ಅವತ್ತೇ ಸಾರಕ್ಕಿ ಮಾರ್ಕೆಟ್ಟಿನಿಂದ ಮೋಸಂಬಿ ತಂದೆ. ಹಿಂಡಿ, ಸೋಸಿ ಕೊಟ್ಟೆ. ಅಕ್ಕ ಇಡೀ ಲೋಟ ಕುಡಿದಳು. ಸ್ವಲ್ಪ ಹೊತ್ತಿಗೇ "ಏನಾದ್ರೂ ತಿನ್ನೋಣ ಅನ್ಸತ್ತೆ" ಎಂದಾಗ ನಾನು ಅಡುಗೆಮನೆಗೆ ಓಡಿ, ತುಪ್ಪ ಹಾಕಿ ಮೆತ್ತಗೆ ಅನ್ನ ಕಲಸಿ ತಂದೆ. ನಾಲ್ಕು ತುತ್ತು ತಿಂದಳು.

ಅದು ಒಂಬತ್ತು ದಿನ ನಡೆಯಿತು. ಹತ್ತನೆಯ ದಿನ ಹಾಲು ವಾಂತಿಯಾಯಿತು, ಆಮೇಲೆ ಜ್ಯೂಸೂ. ಕ್ಯಾನ್ಸರ್ ಗೆಡ್ಡೆ ಆಹಾರ ಇಳಿಯುವ ದಾರಿಯನ್ನೇ ಮುಚ್ಚಿತ್ತು. ಕೀಮೋದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಕೊನೆಗೆ ಹತ್ತಿಯಲ್ಲಿ ನೀರದ್ದಿ ಅವಳ ತುಟಿ ಒದ್ದೆ ಮಾಡುವುದಷ್ಟೇ ನನ್ನ ಕೆಲಸವಾಗಿತ್ತು.

ಮೊದಲಿನಿಂದ ಸರಿಯಾಗಿ ಉಣಿಸಿದ್ದರೂ ಅಕ್ಕ ಹೆಚ್ಚು ದಿನ ಇರುತ್ತಿರಲಿಲ್ಲ ಎಂದರು ಡಾಕ್ಟರು. ನಿಜ ಹೇಳಿದರೋ, ನನ್ನ ಮುಖ ನೋಡಿ ಹಾಗೆಂದರೋ, ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.